ಕರೆದುಕೊಂಡು ಹೋಗಲು ಯಾರೂ ಬರುವುದಿಲ್ಲ

ಸಿದ್ಧಾರ್ಥನಗರ, ಮೈಸೂರು
17-9-2025

ವಾರ್ಡನ್ ದಾಕ್ಷಾಯಣಮ್ಮ ಮೇಡಂ ಅವರಿಗೆ, ಎರಡನೇ ವರ್ಷದ ಬಿ.ಎಸ್ಸಿ. ಧರಣಿ ಮಾಡುವ ನಮಸ್ಕಾರಗಳು.

ಈ ಭಾನುವಾರ ಮಹಾಲಯ ಅಮಾವಾಸ್ಯೆ. ನಮ್ಮೂರಲ್ಲಿ ಮಾರ್ಲಮಿ ಹಬ್ಬ ಅನ್ನುತ್ತೇವೆ. ತೀರಿಕೊಂಡವರಿಗೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಹಾಕುವ ಹಬ್ಬ. ಶನಿವಾರ ಮಧ್ಯಾಹ್ನ ಕ್ಲಾಸ್ ಮುಗಿಸಿ ಹೊರಟು ಸೋಮವಾರ ಬೆಳಿಗ್ಗೆ ವಾಪಸ್ ಬರಲು ಅನುಮತಿ ಬೇಕು. ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿದ್ದೇನೆ. ಆ ಎರಡು ದಿನ ನನಗೆ ಊಟ ಬೇಡವೆಂದು ಮೆಸ್ಸಿನಲ್ಲೂ ಹೇಳಿದ್ದೇನೆ.

ಇನ್ನು ನೀವು ಮನೆಗೆ ಫೋನ್ ಮಾಡುತ್ತೀರಿ, ಅದೂ ಸೇರುವಾಗ ಕೊಟ್ಟ ಅಮ್ಮನ ನಂಬರಿಗೇ. ಮನೆಯವರೊಬ್ಬರು ಬಂದು ಗೇಟಿನ ಮಹದೇವಸ್ವಾಮಿಯವರ ಮುಂದೆ ಸಹಿ ಹಾಕಿದರೆ ಮಾತ್ರ ಹೊರಗೆ ಬಿಡುವುದು. ಗೌರಿ ಹಬ್ಬಕ್ಕೂ ಹಾಗೇ ಆಯಿತು. ಅಮ್ಮ ನಿಮಗೆ, "ನಮ್ ಅಶೋಕ ಬತ್ತಾನೆ ಕಣ್ರಮ್ಮ, ಅವನ ಜೊತೆ ಕಳ್ಸಿ" ಅಂದಳು. ನಾನು ಬ್ಯಾಗ್ ಹಿಡಿದು ಗೇಟಿನ ಬೆಂಚಿನ ಮೇಲೆ ಕತ್ತಲಾಗುವ ತನಕ ಕೂತಿದ್ದೆ. ಎಂಥ ಬೇಜವಾಬ್ದಾರಿ ಅಣ್ಣ ನಿನ್ನವನು ಎಂದು ಬೈದು ನೀವು ನನ್ನನ್ನು ಒಳಗೆ ಕಳಿಸಿದಿರಿ. ಆಗ ನಿಮ್ಮ ಮೇಲೆ ತುಂಬಾ ಸಿಟ್ಟು ಬಂದಿತ್ತು. ನಿಮಗೆ ಗೊತ್ತಿರಲಿಲ್ಲ, ಬಿಡಿ.

ಅಶೋಕಣ್ಣ ಬೇಸಿಗೆ ರಜೆಯಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ. ಹಾಸ್ಟೆಲ್ ಮುಚ್ಚಿತ್ತು, ಇಲ್ಲಿ ಯಾರಿಗೂ ತಿಳಿಯಲಿಲ್ಲ. ನಾನೂ ಹೇಳಲಿಲ್ಲ. ಹೇಳಿದರೆ ಎಲ್ಲರೂ ನನ್ನ ಹತ್ತಿರ ಮೆತ್ತಗೆ ಮಾತಾಡಲು ಶುರುಮಾಡುತ್ತಾರೆ, ಅದು ನನಗೆ ಆಗುವುದಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಆ ದಿನ ಯಾಕೆ ಕಾದೆ ಅಂತೀರಾ? ಅಮ್ಮ ಅಷ್ಟು ಖಚಿತವಾಗಿ ಹೇಳಿದ್ದಕ್ಕೆ ನನಗೂ ಆಸೆಯಾಯಿತು.

ಅಮ್ಮ ಅವನು ಹೋದದ್ದನ್ನು ಒಪ್ಪುತ್ತಲೇ ಇಲ್ಲ. ಇದು ಅವನ ಮೊದಲ ಎಡೆ. ಅಪ್ಪ ಅವನ ಅಳತೆಯ ಶರ್ಟ್ ತಂದಿಟ್ಟಿದ್ದಾರೆ. "ನೀನಿಲ್ದೆ ನನ್ ಕೈಲಿ ಆಗಲ್ಲ ಕಣವ್ವ" ಎಂದು ಫೋನಿನಲ್ಲಿ ಅತ್ತರು. ಅಮ್ಮನೊಬ್ಬಳನ್ನೇ ಬಿಟ್ಟು ಅವರು ಬರುವಂತಿಲ್ಲ. ಆದ್ದರಿಂದ ಈ ಒಂದು ಸಲ, ಈ ಹಾಳೆಯ ಹಿಂದೆ ಬರೆದಿರುವ ಅಪ್ಪನ ನಂಬರಿಗೆ ಫೋನ್ ಮಾಡಿ ಕೇಳಿ, ನನ್ನನ್ನು ಒಬ್ಬಳನ್ನೇ ಬಸ್ಸಿನಲ್ಲಿ ಕಳಿಸಿಕೊಡಬೇಕೆಂದು ಬೇಡುತ್ತೇನೆ. ಸಬರ್ಬನ್ ಸ್ಟ್ಯಾಂಡಿನಿಂದ ನಮ್ಮೂರಿಗೆ ನೇರ ಬಸ್ಸಿದೆ.

ನಿಮ್ಮ ವಿದ್ಯಾರ್ಥಿನಿ,
ಧರಣಿ ಬೆಟ್ಟಯ್ಯ

ಇನ್ನೊಂದು ಮಾತು: ಅಮ್ಮನಿಗೆ ಮಾತ್ರ ಫೋನ್ ಮಾಡಬೇಡಿ ಮೇಡಂ. ಎಡೆಯ ಮಾತೆತ್ತಿದಾಗಲೆಲ್ಲ ಅವಳು ಅಪ್ಪನನ್ನು ಕೇಳುವುದು ಒಂದೇ: "ಅವನ್ಗೆ ಎಡೆ ಇಕ್ಬುಟ್ರೆ, ಹಾಸ್ಟೆಲಿಂದ ಮಗೀನ ಕರ್ಕೊಂಡ್ ಬರೋರು ಯಾರು?" ಅದಕ್ಕೆ ಬಾಯಲ್ಲಿ ಉತ್ತರ ಹೇಳಲು ನಮ್ಮಿಬ್ಬರಿಗೂ ಆಗುತ್ತಿಲ್ಲ. ಶನಿವಾರ ನಾನು ಒಬ್ಬಳೇ ಬಸ್ಸಿಳಿದು ಬರುವುದನ್ನು ಅವಳೇ ನೋಡಲಿ.