ಪಾಷಾಣದ ತೊಟ್ಟಿಲು

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಅಪ್ಪನ ಬಿ.ಪಿ. ಮಾತ್ರೆ ಹುಡುಕುವುದರಲ್ಲಿ ನನ್ನ ಬಸ್ಸು ತಪ್ಪಿತು. ಮಾತ್ರೆ ಅವರ ಜೇಬಿನಲ್ಲೇ ಇತ್ತು.

ಮ್ಯೂಸಿಯಂನ ಲ್ಯಾಬಿಗೆ ಹೋದರೆ ತೊಟ್ಟಿಲು ಆಗಲೇ ಮೇಜಿನ ಮೇಲೆ. ಕಪ್ಪು ಮರ, ಎರಡೂ ಪಕ್ಕಕ್ಕೆ ಬಳ್ಳಿಯ ಕೆತ್ತನೆ. ಅಂಚಿನಲ್ಲಿ ಪುಟ್ಟ ಪುಟ್ಟ ಹಲ್ಲಿನ ಗುರುತು. ನೂರು ವರ್ಷಕ್ಕೂ ಹಿಂದೆ ನಮ್ಮ ಸೈನ್ಯ ಸಮುದ್ರದಾಚೆಯ ಒಂದು ಬೆಟ್ಟದ ಊರಿಗೆ ಬೆಂಕಿ ಇಟ್ಟಿತು. ಅದಕ್ಕೂ ಮೊದಲು ಒಬ್ಬ ಅಧಿಕಾರಿ ಇದನ್ನು ಎತ್ತಿಕೊಂಡ. ಅವನ ಹೆಂಡತಿ ಮ್ಯೂಸಿಯಂಗೆ ದಾನ ಕೊಟ್ಟಳು. ಇದರಲ್ಲಿ ಯಾರಿಗೂ ತಕರಾರಿಲ್ಲ, ಅವನೇ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ.

ಈಗ ಆ ಊರಿನವರು ವಾಪಸ್ ಕೇಳುತ್ತಿದ್ದಾರೆ. ಊರಿನಲ್ಲಿ ಹುಟ್ಟಿದ ಪ್ರತಿ ಮಗುವನ್ನೂ ಮೊದಲು ಮಲಗಿಸುತ್ತಿದ್ದದ್ದು ಇದರಲ್ಲೇ. ಮತ್ತೆ ಮಲಗಿಸಬೇಕಂತೆ. ಅವರ ಪರವಾಗಿ ಒಬ್ಬ ಅಜ್ಜಿ ಬರುತ್ತಿದ್ದಾರೆ. ಅಷ್ಟರಲ್ಲಿ ವಸ್ತುವಿನ ಸ್ಥಿತಿ ಹೇಗಿದೆ ಎಂದು ನಾನು ವರದಿ ಕೊಡಬೇಕು.

ಸಂಜೆ ಅಪ್ಪನಿಗೆ ಹೇಳಿದೆ. ಇದೇ ಮ್ಯೂಸಿಯಂನ ಸ್ಟೋರ್ ನೋಡಿಕೊಂಡೇ ರಿಟೈರ್ ಆದವರು.

"ನನ್ನ ತೊಟ್ಟಿಲಾ?" ಎಂದರು.

'ನನ್ನ ಮಗಳು' ಎನ್ನುವಾಗಲೂ 'ನನ್ನ' ಎಂಬುದನ್ನು ಅಷ್ಟು ಒತ್ತಿ ಹೇಳಿದ್ದು ಕೇಳಿಲ್ಲ.

ಮಾರ್ಚ್ 5, ಮಧ್ಯಾಹ್ನ

ಎಕ್ಸ್-ರೇ ಗನ್ ಹಿಡಿದೆ. ಮುಟ್ಟದೆ, ಕೆರೆಯದೆ ಮೇಲ್ಮೈಯಲ್ಲಿ ಏನಿದೆ ಎಂದು ಹೇಳುವ ಯಂತ್ರ. ಆರ್ಸೆನಿಕ್ ತೋರಿಸಿತು, ಅಂದರೆ ಪಾಷಾಣ. ಸೀಸವಿದ್ದರೂ ಗ್ರಾಫಿನಲ್ಲಿ ಅದೇ ಜಾಗದಲ್ಲೇ ಗೆರೆ ಏಳುತ್ತದೆ, ಮೋಸಹೋಗಬಾರದು. ಎರಡಕ್ಕೂ ಬೇರೆಬೇರೆ ಜಾಗದಲ್ಲಿ ಏಳುವ ಎರಡನೆಯ ಗೆರೆ ನೋಡಿದೆ. ಸೀಸವಲ್ಲ. ತಲೆ ಇಡುವ ಕಡೆ, ಕಾಲಿನ ಕಡೆ, ಹಲ್ಲಿನ ಗುರುತಿನೊಳಗೆ... ಎಲ್ಲ ಕಡೆ.

ಹಳೆಯ ಮ್ಯೂಸಿಯಂಗಳಲ್ಲಿ ಇದು ಮಾಮೂಲು. ಹುಳು ಬರದಿರಲಿ ಎಂದು ವಿಷ ಹಾಕುತ್ತಿದ್ದರು. ಒರೆಸಿದರೆ, ವ್ಯಾಕ್ಯೂಮ್ ಹಿಡಿದರೆ ಮೇಲಿನದು ಹೋಗುತ್ತದೆ. ಮರದೊಳಗೆ ಇಳಿದದ್ದು ಹೋಗುವುದಿಲ್ಲ. ಮಗುವನ್ನು ಮಲಗಿಸುವ ಮಾತೇ ಇಲ್ಲ.

ಸಂಜೆ

ಕೇಳಬಾರದಿತ್ತು, ಕೇಳಿದೆ. ಅಪ್ಪ ಬಟಾಣಿ ಸುಲಿಯುತ್ತಿದ್ದರು.

"ಪಾಷಾಣ ತಾನೆ? ನಾನೇ ಬ್ರಷ್‌ನಲ್ಲಿ ಹಾಕ್ತಿದ್ದೆ. ಹಳಬರು ಡಬ್ಬಿ ಕೊಟ್ಟು ಹೀಗೆ ಮಾಡು ಅಂತ ತೋರಿಸಿಕೊಟ್ಟಿದ್ರು. ಅದಕ್ಕೇ ಒಂದು ತೂತಿಲ್ಲ ನೋಡು ಅದರಲ್ಲಿ. ಆ ಊರಲ್ಲೇ ಇದ್ದಿದ್ರೆ ಇಷ್ಟೊತ್ತಿಗೆ ಗೆದ್ದಲು ತಿಂದು ಮಣ್ಣಾಗಿರ್ತಿತ್ತು."

"ಗ್ಲೌಸ್ ಹಾಕ್ತಿದ್ರಾ?"

"ಮಗು ಎತ್ತೋಕೆ ಗ್ಲೌಸ್ ಹಾಕ್ತಾರೇನೇ?"

ಬಟಾಣಿ ಸುಲಿಯುವ ಆ ಬೆರಳುಗಳನ್ನೇ ನೋಡುತ್ತ ಕೂತೆ. ತುದಿ ಜುಮ್ಮೆನ್ನುತ್ತದೆ ಎಂದು ವರ್ಷಗಳಿಂದ ಹೇಳುತ್ತಿದ್ದಾರೆ. ಡಾಕ್ಟರು ವಯಸ್ಸು ಅಂದಿದ್ದರು. ವಯಸ್ಸೇ ಇರಬಹುದು.

ಮಾರ್ಚ್ 11, ಮಂಗಳವಾರ

ಮೀಟಿಂಗ್. ನಿರ್ದೇಶಕರು, ವಕೀಲರು, ನಾನು. ಪರದೆಯ ಮೇಲೆ ಆ ದೇಶದ ರಾಷ್ಟ್ರೀಯ ಮ್ಯೂಸಿಯಂ ಅಧಿಕಾರಿ. ಎದುರಿಗೆ ಅಜ್ಜಿ. ಸಣ್ಣ ದೇಹ, ದೊಡ್ಡ ಕೈಚೀಲ. ನೀರು ಕೊಟ್ಟರೆ ಮೊದಲು ನನಗೆ "ನೀನು ಕುಡಿದ್ಯಾ?" ಎಂದರು.

ನಿರ್ದೇಶಕರು ಕೆಟ್ಟವರಲ್ಲ. ಹೇಳಿದ್ದರಲ್ಲೂ ಹುರುಳಿದೆ. "ಇಲ್ಲಿ ಟಿಕೆಟ್ ಇಲ್ಲದೆ ಪ್ರಪಂಚದ ಮಕ್ಕಳೆಲ್ಲ ನೋಡ್ತಾರೆ. ಹತ್ತು ದೇಶದ ತೊಟ್ಟಿಲು ಪಕ್ಕಪಕ್ಕ ಇದೆ. ಎಲ್ಲ ತಾಯಂದಿರೂ ಒಂದೇ ಅಂತ ಅರ್ಥ ಆಗೋದು ಹಾಗೆ ಇಟ್ಟಾಗ. ಒಂದೊಂದೇ ಕೊಡ್ತಾ ಹೋದ್ರೆ ಉಳಿಯೋದೇನು?"

ಅಜ್ಜಿ ತಲೆಯಾಡಿಸಿದರು. "ಮಕ್ಕಳು ನೋಡಿದ್ದು ಸಂತೋಷ. ಆದ್ರೆ ನಮ್ಮೂರ ಮಕ್ಕಳು ನೋಡಿಲ್ವಲ್ಲ. ಅವರಿಗೆ ವೀಸಾ ಸಿಗಲ್ಲ."

ಪರದೆಯ ಅಧಿಕಾರಿ ತೊಟ್ಟಿಲು ರಾಜಧಾನಿಗೇ ಬರಬೇಕು ಎಂದರು. ಕೊಡುವುದು ದೇಶದಿಂದ ದೇಶಕ್ಕೆ, ಹಳ್ಳಿಗೆ ಯಾರು ಜವಾಬ್ದಾರಿ? ಅಜ್ಜಿ, "ಇವರು ಎತ್ಕೊಂಡು ಹೋದಾಗ ನಿಮ್ಮ ದೇಶಾನೇ ಇರ್ಲಿಲ್ಲ ಬಿಡಿ" ಎಂದರು. ಆತ ನಕ್ಕುಬಿಟ್ಟ. ಒಳ್ಳೆಯ ಹುಡುಗ.

ವಕೀಲರಿಗೆ ನಾವಿಟ್ಟ ಹೆಸರು 'ಆದರೆ ಸಾಹೇಬರು'. "ಆದರೆ, ಕಾನೂನಿನ ಪ್ರಕಾರ ಸಂಗ್ರಹದಿಂದ ಏನನ್ನೂ ಬಿಟ್ಟುಕೊಡೋ ಹಾಗಿಲ್ಲ. ಮನಸ್ಸಿದ್ದರೂ ಇಲ್ಲ. ದೀರ್ಘಾವಧಿ ಎರವಲು ಕೊಡಬಹುದು."

"ನಮ್ಮದನ್ನೇ ನಮಗೆ ಎರವಲಾ? ಸಹಿ ಹಾಕಿದ್ರೆ ನಿಮ್ಮದು ಅಂತ ಒಪ್ಪಿಕೊಂಡ ಹಾಗಾಯ್ತಲ್ಲ."

ಆಮೇಲೆ ನಾನು ಪಾಷಾಣದ ವಿಷಯ ಹೇಳಿದೆ. ಅಜ್ಜಿ ಕೈಚೀಲ ಮಡಿಲಿಗೆಳೆದುಕೊಂಡರು. "ಮೊಮ್ಮಗಳು ಈಗ ಆರು ತಿಂಗಳ ಬಸುರಿ" ಎಂದರು. ಅಷ್ಟೆ.

ಮಾರ್ಚ್ 12

ಅಜ್ಜಿಯನ್ನು ಲ್ಯಾಬಿಗೆ ಕರೆತಂದೆ. ಗ್ಲೌಸ್ ತೊಡಿಸಿದೆ. ಅಪ್ಪನೂ ಬಂದಿದ್ದರು, ಬೇಡವೆಂದರೆ ಕೇಳುವ ಜನವಲ್ಲ. ಇಬ್ಬರೂ ತೊಟ್ಟಿಲಿನ ಎರಡು ಬದಿ ನಿಂತು ಒಬ್ಬರನ್ನೊಬ್ಬರು ಅಳೆದರು, ಬೀಗರ ಹಾಗೆ.

"ಚೆನ್ನಾಗಿ ನೋಡಿಕೊಂಡಿದ್ದೀರಿ" ಎಂದರು ಅಜ್ಜಿ.

"ನಿಮ್ಮ ಹತ್ರ ಇದ್ದಿದ್ರೆ ಉಳೀತಿರಲಿಲ್ಲ." ಅಪ್ಪ ನೇರ.

"ಇರಬಹುದು. ಸವೆದು ಹೋಗಿರ್ತಿತ್ತು. ಇನ್ನೊಂದು ಮಾಡಿಸ್ಕೊಳ್ತಿದ್ವಿ. ಸವೆಸೋದೂ ನಮ್ಮ ಹಕ್ಕೇ ಅಲ್ವಾ ಯಜಮಾನ್ರೇ?"

ಅಪ್ಪ ಬಗ್ಗಿ ತೊಟ್ಟಿಲಿನ ಅಂಚು ನೋಡತೊಡಗಿದರು. ಕಾಪಾಡುವುದೇ ನನ್ನ ಕೆಲಸ. ಸವೆಯುವುದಕ್ಕೆಂದೇ ಮಾಡಿದ ವಸ್ತುವನ್ನು ಸವೆಯದಂತೆ ಇಟ್ಟರೆ ಕಾಪಾಡಿದ್ದು ಏನನ್ನು?

ಮಾರ್ಚ್ 20, ಗುರುವಾರ

ಆದರೆ ಸಾಹೇಬರು ಓಡಿ ಬಂದರು. ಕಾನೂನಿನಲ್ಲಿ ಒಂದು ಕಿಂಡಿ ಸಿಕ್ಕಿದೆ. ವಸ್ತು ಕೆಟ್ಟು, ಪ್ರದರ್ಶನಕ್ಕೂ ಅಧ್ಯಯನಕ್ಕೂ ಬಾರದ್ದಾದರೆ ಆಡಳಿತ ಮಂಡಳಿ ಅದನ್ನು ಪಟ್ಟಿಯಿಂದ ತೆಗೆಯಬಹುದು. ಪಾಷಾಣವಿದೆಯಲ್ಲ! ನಿರುಪಯುಕ್ತ ಎಂದು ನಾನು ಬರೆದರೆ ಸಾಕು, ತೊಟ್ಟಿಲು ಊರಿಗೆ.

ನಿರ್ದೇಶಕರಿಗೂ ಹಿತ. ಹೀಗೆ ಕೊಟ್ಟರೆ ಕದ್ದದ್ದು ಎಂದು ಒಪ್ಪಿಕೊಂಡ ಹಾಗಾಗುವುದಿಲ್ಲ. ನಾಳೆ ಬೇರೆಯವರು ಇದನ್ನೇ ತೋರಿಸಿ ಕೇಳುವಂತಿಲ್ಲ.

ಅಜ್ಜಿಗೆ ಫೋನ್ ಮಾಡಿದೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ.

"ಕಸ ಅಂತ ಬಿಸಾಕ್ತೀರಿ, ನಾವು ಆರಿಸ್ಕೊಂಡು ಹೋಗ್ಬೇಕಾ? ಬೇಡಮ್ಮ. ಅದಾಗೇ ಕೆಟ್ಟಿಲ್ಲ. ನೀವು ಕೆಡಿಸಿದ್ದು. ಹಾಗೆ ಬರೀರಿ. ಯಾರು, ಯಾಕೆ ಅಂತಾನೂ ಬರೀರಿ. ಆಗ ತಗೋತೀನಿ."

ವಕೀಲರು ಕಾನೂನು ಪುಸ್ತಕ ಮತ್ತೆ ತಿರುವಿದರು. ಬರೆಯಬಹುದು. ಆದರೆ ಮಂಡಳಿ ಒಪ್ಪಬೇಕಾದರೆ ವಿಷ ಹಾಕಿದ್ದಕ್ಕೆ ಸಾಕ್ಷಿ ಬೇಕು. ಹಾಕಿದವರೇ ಸಹಿ ಮಾಡಿದರೆ ಮಾತೇ ಇಲ್ಲ. ಹಳಬರಲ್ಲಿ ಈಗ ಉಳಿದಿರುವವರು ಒಬ್ಬರೇ.

ನಾನು ಬೇರೆ ಬಸ್ಸು ಹತ್ತಿಬಿಟ್ಟೆ. ಎರಡು ಸ್ಟಾಪ್ ಆದಮೇಲೆ ಗೊತ್ತಾಯಿತು.

ಏಪ್ರಿಲ್ 8

ಇಷ್ಟು ದಿನ ಏನೂ ಬರೆದಿಲ್ಲ. ಅಪ್ಪನಿಗೆ ಹೇಳಲೂ ಇಲ್ಲ. ಇವತ್ತು ಹೇಳಿದೆ.

ಪೂರ್ತಿ ಕೇಳಿಸಿಕೊಂಡರು. "ನಾನು ಅದನ್ನ ಹಾಳು ಮಾಡಿದೆ ಅಂತ ನಾನೇ ಬರ್ಕೊಡ್ಬೇಕು."

"ನಿಮಗೆ ಗೊತ್ತಿರಲಿಲ್ಲ ಅಂತಾನೂ ಬರೀತೀವಿ ಅಪ್ಪ. ಮ್ಯೂಸಿಯಂ ಹೇಳಿದ್ದಕ್ಕೆ ಮಾಡಿದ್ರಿ ಅಂತ."

"ಬೇರೆಯವರು ಮೀನು ಹಿಡಿಯೋಕೆ ಹೋದ್ರು, ಸಿನಿಮಾಗೆ ಹೋದ್ರು. ನಾನು ಭಾನುವಾರ ಕೂಡ ಸ್ಟೋರಿಗೆ ಹೋಗಿ ನೋಡ್ಕೊಂಡು ಬರ್ತಿದ್ದೆ. ನಿಮ್ಮಮ್ಮ ಬೈತಿದ್ಲು. ಅದಕ್ಕೆ ಕಡೇಗೆ ಈ ಸರ್ಟಿಫಿಕೇಟು."

ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ. ಅಪ್ಪ ಎಂದರೆ ನನಗೆ ಪ್ರಾಣ, ಇದನ್ನು ಅವರೆದುರು ಒಮ್ಮೆಯೂ ಹೇಳಿದವಳಲ್ಲ.

ಏಪ್ರಿಲ್ 9

ಮಾತಿಲ್ಲ. ಆದರೂ ನನ್ನ ಛತ್ರಿ ಬಾಗಿಲ ಹತ್ತಿರ ತೆಗೆದಿಟ್ಟಿದ್ದರು.

ಏಪ್ರಿಲ್ 13, ಭಾನುವಾರ

ಕಾಫಿ ಹೊತ್ತಿಗೆ ತಾವಾಗಿಯೇ ಶುರು ಮಾಡಿದರು.

"ಆ ಯಮ್ಮನ ಮೊಮ್ಮಗಳಿಗೆ ಈಗ ಏಳು ತಿಂಗಳಾ?"

"ಹೂಂ."

"ನೀನು ಪರೀಕ್ಷೆ ಮಾಡ್ದೆ ಹಾಗೇ ಹೋಗಿದ್ರೆ, ಅದರಲ್ಲಿ ಮಲಗಿಸಿಬಿಡ್ತಿದ್ರು." ಲೋಟ ಕೆಳಗಿಟ್ಟರು. "ಹುಳ ಬರದ ಹಾಗೆ ನೋಡ್ಕೊಂಡೆ. ಮಗು ಮಲಗೋ ಜಾಗ ಅನ್ನೋದನ್ನೇ ಮರ್ತೆ. ಕೊಡು, ಬರೀತೀನಿ."

ವಕೀಲರ ಕರಡು ಬೇಡವೆಂದರು. ತಾವೇ ಬರೆದರು: ಯಾವ ಪುಡಿ, ಯಾವ ಬ್ರಷ್, ಎಷ್ಟು ಸಲ, ಯಾರು ಕಲಿಸಿದ್ದು. 'ಪ್ರೀತಿಯಿಂದಲೇ ಮಾಡಿದೆ, ಆದರೂ ಕೆಡಿಸಿದ್ದು ನಾನು' ಎಂಬುದು ಕೊನೆಯ ಸಾಲು. ಬೆರಳು ಜುಮ್ಮೆಂದು ಸಹಿ ಸೊಟ್ಟಗಾಯಿತು. ಇನ್ನೊಂದು ಹಾಳೆಯಲ್ಲಿ ಮತ್ತೆ ಹಾಕುತ್ತೇನೆ ಎಂದರು. ನಾನು ಕಿತ್ತುಕೊಂಡೆ. ಬಾತ್‌ರೂಮಿಗೆ ಹೋಗಿ ಅತ್ತೆ.

ಜೂನ್ 17, ಮಂಗಳವಾರ

ಮಂಡಳಿ ಕಳೆದ ವಾರ ಒಪ್ಪಿತು, ಒಂದು ಮತ ಹೆಚ್ಚು. ಯಜಮಾನಿಕೆ ಊರಿನದು. ಷರತ್ತಿಲ್ಲ. ಎಲ್ಲಿಡಬೇಕು, ಗಾಜಿನಲ್ಲೋ ಬಯಲಲ್ಲೋ ಎಂದು ನಾವು ಹೇಳುವುದಿಲ್ಲ. ಅವತ್ತು ಪರದೆಯ ಮೇಲಿದ್ದ ರಾಜಧಾನಿಯ ಹುಡುಗ ಪಟ್ಟು ಬಿಟ್ಟು ಕಸ್ಟಮ್ಸ್ ಕಾಗದ ಮಾಡಿಸಿಕೊಟ್ಟ. ಎಲ್ಲಿ ಎಷ್ಟು ವಿಷ, ಹೇಗೆ ಮುಟ್ಟಬೇಕು ಎಂಬ ಸೂಚನೆ ಮಾತ್ರ ಜೊತೆಗೆ ಹೋಗುತ್ತದೆ. ನಿರ್ದೇಶಕರಿಗೆ ಈಗಲೂ ಸಮಾಧಾನವಿಲ್ಲ. ಖಾಲಿ ಜಾಗವನ್ನು ನೋಡಿ, "ಮುಂದಿನ ವಾರ ಶಾಲೆ ಮಕ್ಕಳು ಬರ್ತಾರೆ, ಏನು ಹೇಳಲಿ?" ಎಂದರು. ನಡೆದದ್ದನ್ನು ಹೇಳಿ ಎಂದೆ.

ಪ್ಯಾಕಿಂಗ್‌ಗೆ ಅಪ್ಪ ಬಂದರು. ಮೊದಲ ಸಲ ಗ್ಲೌಸ್ ಹಾಕಿಕೊಂಡರು. ಅಜ್ಜಿಯೂ ಬಂದಿದ್ದರು. ಮರಿಮಗು ಆಗಲೇ ಹುಟ್ಟಿದೆಯಂತೆ, ಹೆಣ್ಣು.

"ಅದರಲ್ಲಿ ಮಲಗಿಸ್ಬೇಡಿ" ಎಂದರು ಅಪ್ಪ, ಮೂರು ಸಲ.

"ಇಲ್ಲಪ್ಪ. ಪಕ್ಕದಲ್ಲಿ ಬೇರೆ ತೊಟ್ಟಿಲು ಹಾಕ್ತೀವಿ. ಇದು ಮುತ್ತಜ್ಜಿ ಥರ ನೋಡ್ಕೊಂಡಿರುತ್ತೆ."

ಪೆಟ್ಟಿಗೆ ಮುಚ್ಚುವಾಗ ಅಪ್ಪ ಆಚೆ ತಿರುಗಿ ನಿಂತರು. ನಾನು ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ನವೆಂಬರ್ 2, ಭಾನುವಾರ ಬೆಳಿಗ್ಗೆ

ಅಜ್ಜಿಯ ಫೋನು. ಮಗು ಬೋರಲು ಬೀಳುತ್ತಿದೆ. ತೊಟ್ಟಿಲಿನ ಒಂದು ಪಕ್ಕ ಬಿರುಕು ಬಿಟ್ಟಿದೆ. ಅಲ್ಲಿನ ಗಾಳಿಗೆ ಇರಬೇಕು. ಅಪ್ಪ ಹೆದರಿದ್ದು ಇದಕ್ಕೇ, ನಾನೂ ಹೆದರಿದ್ದೆ.

ಸ್ಪೀಕರ್ ಹಾಕಿದೆ. 'ನಾನು ಹೇಳಿರಲಿಲ್ವಾ' ಎನ್ನುತ್ತಾರೆ ಎಂದು ಅಪ್ಪನ ಮುಖ ನೋಡಿದೆ. ಅನ್ನಲಿಲ್ಲ. ಎಷ್ಟು ಉದ್ದ, ಯಾವ ಕಡೆ, ಬಿಸಿಲು ಬೀಳುತ್ತದೆಯೇ ಎಂದು ಕೇಳಿದರು. ಎಣ್ಣೆ ಹಚ್ಚಬೇಡಿ, ಗೋಡೆಯಿಂದ ದೂರ ಇಡಿ ಎಂದರು.

"ಫೋನಲ್ಲಿ ನನಗೆ ತಿಳಿಯಲ್ಲ ಯಜಮಾನ್ರೇ. ಈ ಊರಿನ ತೊಟ್ಟಿಲು ಅಷ್ಟು ಚೆನ್ನಾಗಿ ಗೊತ್ತಿರೋದು ನಿಮಗೇ. ನೀವೇ ಬನ್ನಿ. ಬಂದು ನಮ್ಮ ಹುಡುಗಿಯರಿಗೆ ಕಲಿಸಿಕೊಟ್ಟು ಹೋಗಿ. ಮಗೂನೂ ನೋಡಿದ ಹಾಗಾಗುತ್ತೆ."

ಅಪ್ಪ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಒಳಗೆ ಹೋದರು.

ಈಗ ಒಳಗಿನಿಂದ ಸದ್ದು. ಪಾಸ್‌ಪೋರ್ಟ್ ಎಲ್ಲಿಟ್ಟಿದ್ದೀಯೇ ಎಂದು ಕೂಗುತ್ತಿದ್ದಾರೆ. ಅಟ್ಟದ ಮೇಲಿನ ಸೂಟ್‌ಕೇಸಿನಲ್ಲಿ ಇರಬೇಕು. ಸ್ಟೂಲ್ ಎಳೆದ ಶಬ್ದ. ಬೇಡ ಅಪ್ಪ ಎಂದರೆ ಕೇಳುತ್ತಿಲ್ಲ, ಹತ್ತೇಬಿಟ್ಟರು, ಹೋಗಿ ಸ್ಟೂಲ್ ಹಿಡಿಯಬೇಕು—