ದೊಡ್ಡ ಸೊಸೆಯನ್ನು ಬದುಕಿಸಿಕೊಡಿ

ಕೊಲ್ಲುವ, ಬದುಕಿಸುವ ಅಧಿಕಾರವೆರಡೂ ಉಳ್ಳ ಮಾನ್ಯ ಧಾರಾವಾಹಿ ಲೇಖಕರೇ,

ಕಳೆದ ಸೀಸನ್ನಿನಲ್ಲಿ ನೀವು ಕೊಂದ ದೊಡ್ಡ ಸೊಸೆಯನ್ನು ವಾಪಸ್ ಕೇಳಲು ಬರೆಯುತ್ತಿದ್ದೇನೆ. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಹೊಲಿಗೆ ಅಂಗಡಿ ಇಟ್ಟವಳು ಆಕೆ. ಉಳಿದ ಬಟ್ಟೆ ಒಯ್ಯಲು ಬಂದ ದಿನ ಗಂಡ ಮಹಡಿ ಮೆಟ್ಟಿಲಿನಿಂದ ತಳ್ಳಿದ. ಲೋಕಕ್ಕೆ "ಕಾಲು ಜಾರಿತು" ಎಂದ. ಈ ಸೀಸನ್ನಿಗೆ ಅವನೇ ನಾಯಕ. ಹೊಸ ಹೆಂಡತಿ, ಹೊಸ ಕಾರು, ಹಿನ್ನೆಲೆಯಲ್ಲಿ ಕೊಳಲು. ಭೇಷ್!

ನನ್ನ ಅಕ್ಕನೂ ಏಟು ತಿಂದು ಬಾಳುತ್ತಿರುವವಳೇ. ನಿಮ್ಮ ಸೊಸೆ ಅಂಗಡಿ ತೆರೆದ ಕಂತು ನೋಡಿ ಸೂಟ್‌ಕೇಸ್ ತುಂಬಿದ್ದಳು. ಸೊಸೆ ಸತ್ತ ಮರುದಿನ ಬಟ್ಟೆಗಳನ್ನೆಲ್ಲ ಬೀರುವಿಗೆ ಮರಳಿಸಿದಳು. ಸೀರಿಯಲ್ ಎಂದರೆ ಮೂಗು ಮುರಿಯುತ್ತಿದ್ದ ಭಾವ ಈಗ ಊಟಕ್ಕೆ ಕೂತಾಗ ಮೊಬೈಲಿನಲ್ಲಿ ಆ ಬೀಳುವ ದೃಶ್ಯವನ್ನೇ ಹಾಕುತ್ತಾನೆ. "ನೋಡ್ಕೋ, ಮನೆ ಬಿಟ್ಟೋರ ಗತಿ."

ಮೊನ್ನೆ ಹೋದಾಗ ಅವರ ಮಹಡಿ ಮೆಟ್ಟಿಲಿಗೆ ಕಂಬಿಯೇ ಇರಲಿಲ್ಲ.

"ತುಕ್ಕು ಹಿಡಿದಿತ್ತು, ತೆಗೆಸಿದೆ" ಎಂದು ಭಾವ ನಕ್ಕ. ಕೊಯ್ದುಳಿದ ಕಂಬಿಯ ಮೋಟಿನ ಮೇಲೆ ಬಣ್ಣ ಹೊಸದಾಗಿಯೇ ಇತ್ತು, ತುಕ್ಕಿನ ಗುರುತೇ ಇರಲಿಲ್ಲ.

ಅಡುಗೆಮನೆಯಲ್ಲಿ ಅಕ್ಕನ ಕೈ ಹಿಡಿದೆ. "ಈಗ್ಲೇ ಹೊರಡು, ನಮ್ಮನೆಗೆ ಹೋಗೋಣ."

"ಅವಳೂ ಹೊರಟಿದ್ಲಲ್ಲೇ. ಏನಾಯ್ತು?"

"ಅದು ಕತೆ, ಅಕ್ಕಾ!"

"ನಿಮ್ ಭಾವಂಗೆ ಅದು ಕತೆ ಅಲ್ಲ ಕಣೇ."

ಪೊಲೀಸರನ್ನು ಕರೆಸಿದೆ. ಭಾವ ಕುರ್ಚಿ ಹಾಕಿ ಕೂರಿಸಿದ. ಅಕ್ಕ ಅವನ ಮುಖ ನೋಡಿ "ಏನೂ ಇಲ್ಲ ಸಾರ್" ಅಂದಳು. ಬಂದವರು ಹೊರಟುಹೋದರು.

ನಿಮ್ಮ ಕಚೇರಿಗೂ ಫೋನ್ ಮಾಡಿದೆ. "ಆ ನಟಿಯ ಕಾಂಟ್ರಾಕ್ಟ್ ಮುಗೀತು ಮೇಡಂ. ಸಾವು ತೋರಿಸಿದ ವಾರ ಟಿಆರ್‌ಪಿನೂ ಏರ್ತು" ಎಂದರು. ಸ್ವಾಮಿ, ಬದುಕಿಸುವ ವಿದ್ಯೆ ನಿಮಗೆ ಗೊತ್ತಿಲ್ಲವೇ? ಶವದ ಮುಖವನ್ನು ನೀವು ತೋರಿಸಲಿಲ್ಲ, ಬಿಳಿ ಬಟ್ಟೆ ಹೊದಿಸಿದ್ದಿರಿ. ಅವಳ ಅತ್ತೆಯ ತಮ್ಮ, ಆ ಖಳನನ್ನು ಹಾಗೆ ಹೊದಿಸಿಯೇ ಎರಡು ಸಲ ವಾಪಸ್ ಕರೆತಂದಿರಿ. ಎರಡನೇ ಸಲ ಮುಖದ ಬ್ಯಾಂಡೇಜು ಬಿಚ್ಚಿದರೆ ನಟನೇ ಬೇರೆ! ನಾವು ಒಪ್ಪಲಿಲ್ಲವೇ? ಖಳನಿಗೆ ಸಿಕ್ಕ ಮರುಜನ್ಮ ಆ ಹೆಣ್ಣಿಗೆ ಯಾಕಿಲ್ಲ?

ಹೊಸ ನಟಿ ಬರಲಿ, ಅಡ್ಡಿಯಿಲ್ಲ. ಅವಳು ಮುಂಬಾಗಿಲಿನಿಂದಲೇ ಒಳಬಂದು, ಮನೆಮಂದಿಯ ನಡುವೆ ಅವನತ್ತ ಬೆರಳು ತೋರಿಸಿ, "ನಾನು ಜಾರಲಿಲ್ಲ, ಇವನೇ ತಳ್ಳಿದ್ದು" ಎನ್ನಲಿ. ಆ ಮಾತು ಅಕ್ಕನ ಕಿವಿಗೆ ಬೀಳಬೇಕು. ಪಕ್ಕದಲ್ಲಿ ಕೂತ ಭಾವನ ಕಿವಿಗೂ. ಅದು ಪ್ರಸಾರವಾಗುವ ದಿನ ಬಾಗಿಲ ಹೊರಗೆ ಆಟೋ ನಿಲ್ಲಿಸಿಕೊಂಡು ನಾನಿರುತ್ತೇನೆ.

ನಿಮ್ಮಲ್ಲಿ ಕಂತುಗಳು ವಾರಗಟ್ಟಲೆ ಮುಂಚೆಯೇ ಸಿದ್ಧವಾಗಿರುತ್ತವಂತೆ. ದಯವಿಟ್ಟು ಇದನ್ನು ನಡುವೆ ತೂರಿಸಿ. ಅಕ್ಕನ ಮನೆಯಲ್ಲಿ ಅಷ್ಟು ವಾರಗಳಿವೆಯೋ ಇಲ್ಲವೋ, ನನಗೆ ಗೊತ್ತಿಲ್ಲ.

ಇಂತಿ,
ಸದ್ಯಕ್ಕೆ ಅಕ್ಕನಿರುವ ಒಬ್ಬ ತಂಗಿ