ಎರಡು ಬೆರಳು ಮುಂದೆ, ಎರಡು ಹಿಂದೆ

ಜೂನ್ 3

ಗಿರಾಕಿಯ ಬೂಟಿಗೆ ಎಡಗಾಲಿನ ಅಟ್ಟೆ ಅಂಟಿಸಿ ಒಣಗಲಿಕ್ಕೆ ಇಟ್ಟೆ. ಬಲಗಾಲಿನದು ಬಾಕಿ. ಅಷ್ಟರಲ್ಲಿ ಹಿತ್ತಲಲ್ಲಿ ಗಲಾಟೆ. ಕರೆಂಟಿನವರು ತಂತಿಗೆ ತಾಗುತ್ತೆ ಅಂತ ಅತ್ತಿಮರದ ಕೊಂಬೆ ಕಡಿದಿದಾರೆ. ಗೂಡಿದೆ ಅಂತ ನೋಡಿಲ್ಲ. ಕಣ್ಣೇನು ಬೆನ್ನಲ್ಲಿತ್ತಾ? ಚೆನ್ನಾಗಿ ಬೈದೆ.

ಗೂಡಿನ ಜೊತೆ ಎರಡು ಕಾಗೆಮರಿ ಕೆಳಗೆ. ಎರಡೂ ಕಪ್ಪು. ಬಾಯಿ ಬಿಟ್ಟರೆ ಎರಡೂ ಕೆಂಪು. ಒಂದು ತುಸು ದೊಡ್ಡದು. ಮೊಮ್ಮಗಳು ಶೂ ಡಬ್ಬ ತಂದಳು. ಗೂಡು ಅದರಲ್ಲಿ ಕೂರಿಸಿ ಶೆಡ್ಡಿನ ಮೇಲೆ ಇಟ್ಟೆ. ತಾಯಿಕಾಗೆ ನನ್ನ ಬೋಳುತಲೆಗೆ ಕುಕ್ಕಿತು. ಉಪಕಾರ ಮಾಡಿದ್ದಕ್ಕೆ ಸಂಬಳ... ಆಮೇಲೆ ಬಂದು ಎರಡಕ್ಕೂ ತಿನ್ನಿಸಿತು.

ಜೂನ್ 7, ಮಧ್ಯಾಹ್ನ

ಮರಿಗಳು ಡಬ್ಬದಿಂದ ಹೊರಬಿದ್ದಿವೆ. ಚಿಕ್ಕದು ಶೆಡ್ಡಿನ ಮೇಲೆ ಪೊಲೀಸಪ್ಪನ ಹಾಗೆ ಓಡಾಡುತ್ತೆ. ದೊಡ್ಡದು ನಡೆಯಲ್ಲ. ಕುಪ್ಪಳಿಸಿ ಮುಗ್ಗರಿಸುತ್ತೆ. ಅಂಗಳಕ್ಕೇ ಬಿತ್ತು. ಗೋಡೆ ಮೇಲೆ ಪಕ್ಕದ ಮನೆ ಬೆಕ್ಕು ಬಾಲ ಆಡಿಸ್ತಾ ಕೂತಿದೆ.

ಹಿಡಿದು ನೋಡಿದೆ. ಪಾದ ಸೊಟ್ಟ. ಚಿಕ್ಕದಕ್ಕೆ, ಅಂದರೆ ಇದರ ತಮ್ಮನಿಗೆ, ಮೂರು ಬೆರಳು ಮುಂದೆ, ಒಂದು ಹಿಂದೆ. ಇದಕ್ಕೆ ಹೊರಬೆರಳೂ ಹಿಂದಕ್ಕೆ ತಿರುಗಿದೆ. ಹುಟ್ಟಿನ ದೋಷ. ನೆಲದ ಮೇಲೆ ಹೀಗೇ ಇದ್ದರೆ ಬೆಕ್ಕಿನ ಬಾಯಿಗೆ ಗ್ಯಾರಂಟಿ.

ತೆಳು ತೊಗಲಿನ ಪಟ್ಟಿ ಕತ್ತರಿಸಿ ಆ ಬೆರಳನ್ನ ಮುಂದಕ್ಕೆ ಎಳೆದು ಕಟ್ಟಿದೆ. ಎರಡೂ ಕಾಲಿಗೆ. ಸೊಸೆ ಬಂದಳು.

"ಮಾವ, ಡಾಕ್ಟರಿಗೆ ತೋರಿಸಬಾರದಾ?"

"ಕಾಲು ನೋಡೀ ನೋಡೀ ಮುದುಕ ಆಗಿದೀನಮ್ಮ."

"ಮನುಷ್ಯರ ಕಾಲು ಮಾವ ಅದು."

ಇವಳ ಬಾಯಿಗೆ ಹೊಲಿಗೆ ಹಾಕೋ ದಾರ ಇನ್ನೂ ಬಂದಿಲ್ಲ.

ಜೂನ್ 8

ಮರಿಗೆ ಮೊದಲಿಗಿಂತ ಕಷ್ಟ. ಕೋಲಿನ ಮೇಲೆ ಕೂರಿಸಿದರೆ ಹಿಂದಕ್ಕೆ ದೊಪ್ಪನೆ ಬೀಳುತ್ತೆ. ಮೊಮ್ಮಗಳು ಎದುರು ಕುಕ್ಕರಗಾಲಲ್ಲಿ ಕೂತಳು.

"ತಾತ, ಎರಡು ಕಾಲೂ ಕೂದಲೆಳೆ ವ್ಯತ್ಯಾಸ ಇಲ್ದೆ ಸೊಟ್ಟ ಆಗುತ್ತಾ?"

"ಆಗುತ್ತೆ, ಹೋಗೆ."

"ನಿಮ್ಮ ಗಿರಾಕಿ ಯಾರಿಗಾದ್ರೂ ಹಾಗಿತ್ತಾ?"

ನೆಟ್ಟಗಿರೋ ಕಾಲುಗಳೇ ಒಂದಕ್ಕೊಂದು ಇಷ್ಟು ಸರಿಹೋಗಿದ್ದು ನಾನು ಕಂಡಿಲ್ಲ. ಇದು ಸೊಟ್ಟ ಅಲ್ಲ. ಅಳತೆ ಹಿಡಿದು ಮಾಡಿದ ಜೋಡಿ. ಪಟ್ಟಿ ಬಿಚ್ಚಿದೆ. ಬೆರಳು ತಾನೇ ಹಿಂದಕ್ಕೆ ಹೋಯಿತು. ನನ್ನ ಬೆರಳು ಕೊಟ್ಟೆ. ಮುಂದೆ ಎರಡು, ಹಿಂದೆ ಎರಡು... ಚಿಮಟ ಹಿಡಿದ ಹಾಗೆ ಹಿಡಿಯಿತು. ಬಿಡಿಸಬೇಕಾದರೆ ಸಾಕಾಯಿತು.

ಸಂಜೆ ಡಾಕ್ಟರ ಹತ್ತಿರ. ದನ, ನಾಯಿ ನೋಡೋರು. ನಕ್ಕರು. "ಅಜ್ಜಾ, ಇದು ಕೋಗಿಲೆ ಮರಿ." ತಾಯಿಕೋಗಿಲೆ ಗೂಡು ಕಟ್ಟಲ್ಲವಂತೆ. ಕಾಗೆ ಇಲ್ಲದಾಗ ಅದರ ಗೂಡಲ್ಲೇ ಮೊಟ್ಟೆ ಇಡುತ್ತಂತೆ. ಮೊಟ್ಟೆ ಸ್ವಲ್ಪ ಚಿಕ್ಕದು, ಬಣ್ಣ, ಚುಕ್ಕೆ ಕಾಗೆಯದರ ಹಾಗೇ. ಕೋಗಿಲೆ ಮರಿ ಮೊದಲು ಹೊರಬರುತ್ತೆ, ಅದಕ್ಕೇ ಇದು ದೊಡ್ಡದು. ಕಾಗೆಮರಿಗಳನ್ನ ತಳ್ಳಿಹಾಕಲ್ಲ, ಜೊತೇಲೇ ಬೆಳೆಯುತ್ತೆ.

"ಕಾಗೆ ನೆಲದಲ್ಲಿ ನಡೆಯೋ ಹಕ್ಕಿ. ಇದು ಕೊಂಬೆ ಹಿಡಿಯೋ ಹಕ್ಕಿ. ಮರಕ್ಕೆ ಬಿಡಿ."

ಮೊಮ್ಮಗಳು ದಾರಿಯುದ್ದಕ್ಕೂ ಆ ತೊಗಲಿನ ಪಟ್ಟಿಯನ್ನ ಬೆರಳಿಗೆ ಸುತ್ತೋದು, ಬಿಚ್ಚೋದು ಮಾಡ್ತಿದ್ದಳು. ಅದೇ ಬೈದ ಹಾಗಿತ್ತು.

ಜೂನ್ 9, ಬೆಳಿಗ್ಗೆ

ಏಣಿ ಹಾಕಿ ಅತ್ತಿಮರದ ಕೊಂಬೆ ಮೇಲೆ ಬಿಟ್ಟೆ. ಕೂತಿತು. ಗಾಳಿ ಬೀಸಿತು. ಅಲುಗಾಡಲಿಲ್ಲ. ಬೆಕ್ಕು ಹಿಂದೆಯೇ ಮರ ಹತ್ತಿತು. ಏಣಿ ಮತ್ತೆ ಇಡೋಷ್ಟರಲ್ಲಿ ಮರಿ ಒಂದು ಕೊಂಬೆಯಿಂದ ಇನ್ನೊಂದಕ್ಕೆ ನೆಗೆಯಿತು, ಅಲ್ಲಿಂದ ಸಣ್ಣ ರೆಂಬೆಗೆ. ಬೆಕ್ಕಿನ ಭಾರಕ್ಕೆ ರೆಂಬೆ ಬಾಗಿತು. ಅಷ್ಟೊತ್ತಿಗೆ ಕಾಗೆ ಗಂಡ ಹೆಂಡತಿ ಬಂದವು ನೋಡು — ಒಂದು ಬಾಲಕ್ಕೆ, ಒಂದು ಕಿವಿಗೆ. ಬೆಕ್ಕು ಮರ ಇಳಿದಿದ್ದಲ್ಲ, ಉರುಳಿದ್ದು. ಮರಿ ಮೇಲಿನ ರೆಂಬೇಲಿ ಕೂತು ಕಾಗೆ ದನೀಲೇ ತಿಂಡಿ ಕೇಳಿತು. ತಾಯಿಕಾಗೆ ತಂದು ಕೊಟ್ಟಿತು.

ಮೊಮ್ಮಗಳು ಕುಣಿದಳು. ನಾನೂ... ಸೊಸೆ ನೋಡಲಿಲ್ಲ ಸದ್ಯ.

ಜೂನ್ 25, ಸಂಜೆ

ಈಗ ಕಾಗೆಮರಿ, ಅದೇ ಕೋಗಿಲೆಯ ತಮ್ಮ, ಕಸದ ಬುಟ್ಟಿ ಕೆದಕೋದ್ರಲ್ಲಿ ಡಿಗ್ರಿ ಮಾಡ್ತಿದಾನೆ. ಅಪ್ಪ ಅಮ್ಮನ ಹಿಂದೆ ಬೀದಿಯೆಲ್ಲ ನಡೀತಾನೆ. ಕೋಗಿಲೆ ಮರಿ ನೆಲಕ್ಕೆ ಇಳಿಯಲ್ಲ. ಬಣ್ಣ ಒಂದೇ ಅಂತ ಕೆಲಸ ಒಂದೇ ಆಗುತ್ತಾ? ನಾನು ಕಟ್ಟಿದ ಪಟ್ಟಿ ಹಾಗೇ ಇದ್ದಿದ್ದರೆ...

ಇವತ್ತು ಕಾಗೆ ಬರೋದು ತಡ. ಇದು ಕಾಯಲಿಲ್ಲ. ರೆಂಬೆ ತುದಿಗೆ ಸರಿದು, ಅರ್ಧ ತಲೆಕೆಳಗಾಗಿ ಬಾಗಿ ಅತ್ತಿಹಣ್ಣು ಕಿತ್ತು ನುಂಗಿತು. ತಾನೇ. ಯಾರೂ ತಿನ್ನಿಸದೆ. ಇನ್ನೊಂದು. ಮತ್ತೊಂದು. ಕಾಲು ಒಂದಿಷ್ಟೂ ಜಾರಲಿಲ್ಲ. ಇಂಥ ಕಾಲು ಯಾವ ಚಮ್ಮಾರನೂ...

ಮೊಮ್ಮಗಳು ಅಂಗಳದಿಂದ ಕೂಗ್ತಿದಾಳೆ. "ತಾತ, ಬೇಗ ಬನ್ನಿ, ಕೋಗಿಲೆ ಹಾರಿತು, ಚಾವಣಿ ದಾಟಿ ಆಚೆ ಮರಕ್ಕೆ —"